ಆಟದ ಸಾಮಾನು ಕೊಳ್ಳಲು ಹಣ ಕೋರಿ ಪ್ರಾಂಶುಪಾಲರಿಗೆ ಪತ್ರ

ಇವರಿಂದ: ದೈಹಿಕ ಶಿಕ್ಷಕ, ಪ್ರೌಢಶಾಲಾ ವಿಭಾಗ
ಇವರಿಗೆ: ಪ್ರಾಂಶುಪಾಲರು
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ
ದಿನಾಂಕ: 16 ಜೂನ್ 2025

ವಿಷಯ: ಈ ವರ್ಷದ ಆಟದ ಸಾಮಾನಿಗೆ ₹24,500 ಮಂಜೂರು ಮಾಡುವ ಬಗ್ಗೆ

ಮಾನ್ಯ ಸರ್,

ನಮಸ್ಕಾರ. ಕಳೆದ ವಾರ ಸ್ಟಾಫ್ ರೂಮಿನಲ್ಲಿ ನೀವು "ಏನೇನು ಬೇಕು ಅಂತ ರೇಟ್ ಸಮೇತ ಬರೆದು ಕೊಡ್ರಿ, ನೋಡೋಣ" ಅಂದಿದ್ರಿ. ಅದಕ್ಕೇ ಈ ಪತ್ರ. ಜಮಖಂಡಿ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಅಂಗಡಿಗಳಿಂದ ಕೊಟೇಶನ್ ತಂದಿದ್ದೇನೆ. ಕೆಳಗೆ ಬರೆದಿರುವುದು ಮೂರರಲ್ಲಿ ಕಡಿಮೆ ಇರುವ ದರ, ಜಿಎಸ್‌ಟಿ ಸೇರಿಸಿ.

ಮೊದಲು ಈಗ ನಮ್ಮ ಹತ್ತಿರ ಏನಿದೆ ಅಂತ ಹೇಳ್ತೀನಿ. ಹೊಲಿಗೆ ಬಿಟ್ಟಿರುವ ವಾಲಿಬಾಲ್ ಒಂದು. ನಡುವೆ ಹರಿದು, ಸುತಳಿ ಕಟ್ಟಿ ನಿಲ್ಲಿಸಿರುವ ನೆಟ್ ಒಂದು. ಖೋ-ಖೋ ಅಂಕಣಕ್ಕೆ ಎರಡು ಕಬ್ಬಿಣದ ಪೈಪು. ಒಂದು ಕಬ್ಬಿಣದ ಗುಂಡು, ಅದೂ 7.26 ಕೆಜಿಯದು, ಅಂದ್ರೆ ಬೆಳೆದ ಗಂಡಸರು ಎಸೆಯುವ ತೂಕ. ಇಷ್ಟೇ ಸರ್. 8ರಿಂದ 10ನೇ ತರಗತಿವರೆಗೆ ನಮ್ಮಲ್ಲಿ 286 ಮಕ್ಕಳಿದ್ದಾರೆ, ಅವರಲ್ಲಿ 131 ಹುಡುಗಿಯರು. ಒಂದು ಪಿರಿಯಡ್‌ಗೆ ಸುಮಾರು 48 ಮಕ್ಕಳು ಮೈದಾನಕ್ಕೆ ಬರ್ತಾರೆ. ಬಾಲ್ ಒಂದೇ ಇದ್ರೆ ಅದು ಯಾರ ಕೈಗೆ ಹೋಗುತ್ತೆ ಅಂತ ನಿಮಗೂ ಗೊತ್ತು. ಗಟ್ಟಿ ದನಿಯ ಹತ್ತು ಹುಡುಗರು ಆಡ್ತಾರೆ, ಉಳಿದವರು ಬೇವಿನ ಮರದ ಕೆಳಗೆ ಕೂತು ನೋಡ್ತಾರೆ. ಹುಡುಗಿಯರಂತೂ ಬಹುತೇಕ ಎಲ್ಲರೂ ಅಲ್ಲೇ. ಅವರಿಗೆ ಆಸಕ್ತಿ ಇಲ್ಲ ಅಂತ ಅಲ್ಲ, ಬಾ ಅಂತ ಕರೆದು ಕೈಗೆ ಕೊಡೋದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಹಾಗಾಗಿ ಪಟ್ಟಿ ಮಾಡುವಾಗ ಎರಡೇ ಪ್ರಶ್ನೆ ಇಟ್ಟುಕೊಂಡೆ. ಇದು ತಂದ್ರೆ ಒಂದು ವಾರದಲ್ಲಿ ಎಷ್ಟು ಮಕ್ಕಳ ಕೈಗೆ ಸಿಗುತ್ತೆ? ಇದು ಇಲ್ಲದಿದ್ರೆ ಯಾರಿಗಾದ್ರೂ ಪೆಟ್ಟಾಗುತ್ತಾ? ಈ ಎರಡಕ್ಕೆ ಉತ್ತರ ಕೊಡದ ಸಾಮಾನು ಎಷ್ಟೇ ಚೆಂದ ಇದ್ರೂ ಕೆಳಗೆ ಹೋಯಿತು, ಕೆಲವು ಪಟ್ಟಿಯಿಂದಲೇ ಹೊರಗೆ ಹೋದವು.

ಎಲ್ಲಕ್ಕಿಂತ ಮೊದಲು ಖೋ-ಖೋ ಅಂಕಣ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಂಥ ಶಾಲೆಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ. ಎಂಟು ಜನ ಸಾಲಾಗಿ ಕೂರ್ತಾರೆ, ಒಬ್ಬರು ಬೆನ್ನಟ್ಟುತ್ತಾರೆ, ಮೂವರು ತಪ್ಪಿಸಿಕೊಳ್ತಾರೆ. ಅಂದ್ರೆ ಹನ್ನೆರಡು ಮಕ್ಕಳು ಒಂದೇ ಸಲ ಆಟದಲ್ಲಿ ಇರ್ತಾರೆ. ಬಾಲ್ ಬೇಡ, ಬ್ಯಾಟ್ ಬೇಡ, ಶೂ ಇಲ್ಲದ ಮಗುವೂ ಆಡಬಹುದು. ಇದೇ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಆಯಿತಲ್ವಾ, ಅದರಲ್ಲಿ ನಮ್ಮ ದೇಶದ ಗಂಡುಮಕ್ಕಳ ತಂಡ, ಹೆಣ್ಣುಮಕ್ಕಳ ತಂಡ ಎರಡೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದವು. ಹೆಣ್ಣುಮಕ್ಕಳ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಸುದ್ದಿಯನ್ನು ಪ್ರಾರ್ಥನೆಯ ಹೊತ್ತಿಗೆ ಓದಿದ ದಿನದಿಂದ ನಮ್ಮ 9ನೇ ತರಗತಿಯ ಹುಡುಗಿಯರು ದಿನಾ ಸಂಜೆ ಶಾಲೆ ಬಿಟ್ಟ ಮೇಲೂ ನಿಂತು ಆಡ್ತಿದ್ರು. ಯಾರೂ ಹೇಳಿರಲಿಲ್ಲ, ಅವರಾಗಿಯೇ.

ಆದರೆ ನಮ್ಮ ಕಂಬಗಳು ಕಬ್ಬಿಣದ ಪೈಪು, ತುದಿ ಕತ್ತರಿಸಿದ ಹಾಗೇ ಇದೆ. ಓಡಿ ಬಂದು ಕಂಬ ಹಿಡಿದು ತಿರುಗೋದು ಈ ಆಟದ ಜೀವಾಳ. ಕಳೆದ ಫೆಬ್ರವರಿಯಲ್ಲಿ ಹಾಗೆ ತಿರುಗುವಾಗ ಒಬ್ಬ ಹುಡುಗಿಯ ಅಂಗೈ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಅವತ್ತಿನಿಂದ ಪೈಪಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದೇವೆ, ಅದು ಬಿಸಿಲಿಗೆ ಒಣಗಿ ಬಿಚ್ಚಿಕೊಳ್ತಿದೆ. ನಿಯಮದ ಪ್ರಕಾರ ಕಂಬ ಮರದ್ದು, ನುಣುಪಾಗಿ ದುಂಡಗಿರಬೇಕು, ನೆಲದಿಂದ 120ರಿಂದ 125 ಸೆಂ.ಮೀ. ಎತ್ತರ ಇರಬೇಕು. ನಮ್ಮ ಊರಿನ ಬಡಿಗೇರರೇ ಮಾಡಿಕೊಡ್ತಾರೆ, ಒಂದಕ್ಕೆ ₹1,500, ಎರಡಕ್ಕೆ ₹3,000.

ಇನ್ನು ನೆಲ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು, ಮಳೆ ಬಂದ್ರೆ ಕಾಲಿಗೆ ಮೆತ್ತಿಕೊಳ್ಳುವ ಕೆಸರು. ಗರಸು ಹಾಕಿಸಿದ್ರೆ ಅಗ್ಗ ಅಂತ ಕೆಲವರು ಹೇಳಿದರು, ನನಗೆ ಒಪ್ಪಿಗೆ ಇಲ್ಲ. ಬಿದ್ದ ಮಕ್ಕಳ ಮೊಣಕಾಲು ಕೆತ್ತಿ ಹೋಗುತ್ತೆ. ಜರಡಿ ಹಿಡಿದ ಕೆಂಪು ಮಣ್ಣೇ ಆಗಬೇಕು. 10ನೇ ತರಗತಿಯ ಒಬ್ಬ ಹುಡುಗನ ತಂದೆ ಟ್ರ್ಯಾಕ್ಟರ್ ಬಾಡಿಗೆ ಇಲ್ಲದೆ ಕೊಡ್ತೀನಿ ಅಂದಿದ್ದಾರೆ. ಮಣ್ಣಿಗೆ ಮತ್ತು ಡೀಸೆಲ್‌ಗೆ ಟ್ರಿಪ್ಪಿಗೆ ₹1,200, ಮೂರು ಟ್ರಿಪ್ಪಿಗೆ ₹3,600. ಹರಡಿ, ನೀರು ಹಾಕಿ, ತುಳಿದು ಗಟ್ಟಿ ಮಾಡೋದು ನಾನು ಮತ್ತು ಮಕ್ಕಳು ಮಾಡ್ತೀವಿ. ಕಬಡ್ಡಿ ಅಂಕಣಕ್ಕೂ ಅದೇ ಮಣ್ಣು ಸಾಕಾಗುತ್ತೆ.

ಮೊದಲ ಗುಂಪಿನಲ್ಲಿ ಉಳಿದವು ಇವು:

ವಾಲಿಬಾಲ್ 3, ಒಂದಕ್ಕೆ ₹750: ₹2,250
ನೈಲಾನ್ ನೆಟ್ 1: ₹1,100
ಗಾಳಿ ಹೊಡೆಯುವ ಪಂಪು, ಸೂಜಿ ಸಮೇತ: ₹350
ಪ್ರಥಮ ಚಿಕಿತ್ಸೆ ಪೆಟ್ಟಿಗೆ: ₹900
ಗೆರೆ ಹಾಕಲು ಸುಣ್ಣದ ಪುಡಿ 4 ಚೀಲ: ₹1,000
30 ಮೀಟರ್ ಅಳತೆ ಟೇಪು: ₹450
ಸ್ಟಾಪ್‌ವಾಚ್ 1: ₹650
ವಿಷಲ್ 2: ₹160

ಕಂಬ, ಮಣ್ಣು ಸೇರಿ ಮೊದಲ ಗುಂಪಿನ ಒಟ್ಟು ₹13,460. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಆಟದ ಸಾಮಾನಲ್ಲ ಅಂತ ಅನಿಸಬಹುದು. ಆದರೆ ಅವತ್ತು ಆ ಹುಡುಗಿಯ ಕೈಗೆ ಕಟ್ಟೋದಕ್ಕೆ ಸ್ವಚ್ಛವಾದ ಬಟ್ಟೆ ಹುಡುಕಿ ಆಫೀಸಿಗೂ ಅಡುಗೆ ಕೋಣೆಗೂ ಓಡಾಡಿದ್ದೇವೆ. ಹತ್ತಿ, ಬ್ಯಾಂಡೇಜು, ಉಳುಕಿಗೆ ಸುತ್ತುವ ಪಟ್ಟಿ, ಗಾಯ ತೊಳೆಯುವ ಔಷಧ ಮೈದಾನದ ಪಕ್ಕದಲ್ಲೇ ಇರಬೇಕು.

ಎರಡನೇ ಗುಂಪು ₹5,600. ಮುಖ್ಯವಾಗಿ ಎಸೆತದ ಸಾಮಾನು. 7.26 ಕೆಜಿ ಗುಂಡನ್ನು 14 ವರ್ಷದ ಮಗುವಿನ ಕೈಗೆ ಕೊಟ್ಟರೆ ಅದು ಎಸೆಯೋದಿಲ್ಲ, ಭುಜ ನೋಯಿಸಿಕೊಳ್ಳುತ್ತೆ. ಹುಡುಗರಿಗೆ 5 ಕೆಜಿ ಗುಂಡು ₹800, ಹುಡುಗಿಯರಿಗೆ 3 ಕೆಜಿಯದು ₹550. ಚಕ್ರ ಎರಡು, 1.5 ಕೆಜಿಯದು ₹850 ಮತ್ತು 1 ಕೆಜಿಯದು ₹600. ಥ್ರೋಬಾಲ್ ಎರಡು ₹1,000, ಇದನ್ನು ಹುಡುಗಿಯರೇ ಕೇಳಿದ್ದಾರೆ. ಸ್ಕಿಪ್ಪಿಂಗ್ ಹಗ್ಗ 15ಕ್ಕೆ ₹900, ಪ್ಲಾಸ್ಟಿಕ್ ಕೋನ್ 20ಕ್ಕೆ ₹600, ರಿಲೇ ಬ್ಯಾಟನ್ ನಾಲ್ಕಕ್ಕೆ ₹300. ಹಗ್ಗ ಮತ್ತು ಕೋನ್ ಸಣ್ಣ ಸಾಮಾನು ಅನಿಸಿದರೂ ಮರದ ಕೆಳಗೆ ಕೂರುವ ಮಕ್ಕಳನ್ನು ಎಬ್ಬಿಸೋದು ಇವೇ. ತಂಡಕ್ಕೆ ಆಯ್ಕೆ ಆಗದ ಮಗುವಿಗೂ ಓಡೋದಕ್ಕೆ, ಕುಣಿಯೋದಕ್ಕೆ ಹಕ್ಕಿದೆ ಅಲ್ವಾ.

ಮೂರನೇ ಗುಂಪು ₹5,440. ಎರಡು ಬಣ್ಣದ ನಂಬರ್ ಜಾಕೆಟ್ 24, ಒಂದಕ್ಕೆ ₹110ರಂತೆ ₹2,640. ಬೀಗ ಹಾಕುವ ದೊಡ್ಡ ಟ್ರಂಕು ₹2,800. ಇವು ದಸರಾ ರಜೆಯ ನಂತರ ಬಂದರೂ ನಡೆಯುತ್ತೆ. ಅಲ್ಲಿಯವರೆಗೆ ಸಾಮಾನನ್ನು ಪ್ರಯೋಗಾಲಯದ ಬೀರುವಿನ ಕೆಳಗಿನ ಖಾನೆಯಲ್ಲಿ ಇಡೋದಕ್ಕೆ ವಿಜ್ಞಾನದ ಮೇಡಂ ಒಪ್ಪಿದ್ದಾರೆ.

ಕ್ರಿಕೆಟ್ ಕಿಟ್ ಬಗ್ಗೆ ಹುಡುಗರು ನಿಮ್ಮ ಹತ್ತಿರವೂ ಬಂದಿದ್ರು ಅಂತ ಕೇಳಿದೆ. ನಾನು ಬೇಕಂತಲೇ ಬಿಟ್ಟಿದ್ದೇನೆ. ಪ್ಯಾಡು, ಗ್ಲೌಸು, ಹೆಲ್ಮೆಟ್ಟು, ಲೆದರ್ ಬಾಲು ಅಂತ ಹೋದ್ರೆ ನಮ್ಮ ಅರ್ಧ ದುಡ್ಡು ಅಲ್ಲೇ ಮುಗಿಯುತ್ತೆ, ಹನ್ನೊಂದು ಹುಡುಗರು ಆಡ್ತಾರೆ. ಕಬಡ್ಡಿ ಮ್ಯಾಟ್ ನಮ್ಮ ಕೈಗೆ ಎಟುಕುವ ಮಾತಲ್ಲ. ಹುಡುಗರಿಗೆ ನಾನೇ ಕೂರಿಸಿಕೊಂಡು ಹೇಳಿದ್ದೇನೆ, ಮುಖ ಸಣ್ಣದು ಮಾಡಿದ್ರು, ಆದರೆ ಲೆಕ್ಕ ತೋರಿಸಿದ ಮೇಲೆ ಒಪ್ಪಿಕೊಂಡರು.

ಮೂರೂ ಸೇರಿ ₹24,500. ಸಮಗ್ರ ಶಿಕ್ಷಣದಲ್ಲಿ ಪ್ರೌಢಶಾಲೆಗೆ ವರ್ಷಕ್ಕೆ ₹25,000ವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶ ಇದೆ, ಆ ಮಿತಿಯೊಳಗೇ ಪಟ್ಟಿ ಮಾಡಿದ್ದೇನೆ. ಈ ವರ್ಷದ ಅನುದಾನ ಬರೋದು ತಡ ಆಗೋದಾದ್ರೆ, ಮಕ್ಕಳಿಂದ ತೆಗೆದುಕೊಂಡ ಕ್ರೀಡಾ ಶುಲ್ಕದಲ್ಲಿ ಮೊದಲ ಗುಂಪನ್ನಾದರೂ ಈಗ ಮಾಡಿ, ಉಳಿದದ್ದನ್ನು ಅನುದಾನ ಬಂದ ಮೇಲೆ ಮಾಡಬಹುದು. ಅಷ್ಟೂ ಕಷ್ಟ ಅಂದ್ರೆ ಕಂಬ, ಮಣ್ಣು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಈ ಮೂರಕ್ಕೆ ₹7,500 ಕೊಡಿ ಸರ್. ಅದಕ್ಕಿಂತ ಕೆಳಗೆ ಇಳಿಯೋದಕ್ಕೆ ನನಗೆ ದಾರಿ ಕಾಣ್ತಿಲ್ಲ. ಯಾಕಂದ್ರೆ ಆ ಪೈಪುಗಳ ನಡುವೆ ಮಕ್ಕಳನ್ನು ಮತ್ತೆ ಆಡಿಸೋದಕ್ಕೆ ನನಗೆ ಮನಸ್ಸಿಲ್ಲ, ಆಟ ನಿಲ್ಲಿಸೋದಕ್ಕೂ ಮನಸ್ಸಿಲ್ಲ.

ಇಷ್ಟು ಅವಸರ ಯಾಕೆ ಅಂದ್ರೆ ಮಳೆ. ಒಂದು ದೊಡ್ಡ ಮಳೆ ಬಿದ್ರೆ ಟ್ರ್ಯಾಕ್ಟರ್ ನಮ್ಮ ಮೈದಾನಕ್ಕೆ ಇಳಿಯೋದಿಲ್ಲ, ಗಾಲಿ ಹೂತುಬಿಡುತ್ತೆ. ಜುಲೈ, ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟು ಕೃಷ್ಣೆ ತುಂಬಿದ್ರೆ ಹೊಳೆ ದಂಡೆಯ ಊರುಗಳಿಂದ ಬರುವ ಮಕ್ಕಳೇ ಶಾಲೆಗೆ ಬರೋದು ಕಷ್ಟ, ಅಭ್ಯಾಸದ ಮಾತು ದೂರ. ವಲಯ ಮಟ್ಟದ ಆಟಗಳು ಆಗಸ್ಟ್‌ನಲ್ಲೇ ಬರ್ತವೆ. ಜೂನ್ ಕೊನೆಯೊಳಗೆ ಮಣ್ಣು ಬಿದ್ದು ಕಂಬ ನಿಂತರೆ ಮಾತ್ರ ಮಕ್ಕಳಿಗೆ ಒಂದು ತಿಂಗಳಾದರೂ ಸರಿಯಾದ ಅಭ್ಯಾಸ ಸಿಗುತ್ತೆ.

ಸಾಮಾನು ಬಂದ ಮೇಲೆ ಕಳೆದುಹೋಗುತ್ತೆ ಅನ್ನೋ ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತೆ. ಸ್ಟಾಕ್ ರಿಜಿಸ್ಟರ್ ನಾನು ಬರೀತೀನಿ, ಪ್ರತಿ ತಿಂಗಳ ಕೊನೇ ಶನಿವಾರ ನಿಮ್ಮ ಸಹಿಗೆ ತರ್ತೀನಿ. ಪಿರಿಯಡ್ ಶುರು ಆಗುವಾಗ ತರಗತಿಯ ಇಬ್ಬರು ಲೀಡರ್‌ಗಳು, ಒಬ್ಬ ಹುಡುಗ ಒಬ್ಬ ಹುಡುಗಿ, ಎಣಿಸಿ ಸಹಿ ಹಾಕಿ ತಗೊಳ್ತಾರೆ, ಮುಗಿದ ಮೇಲೆ ಎಣಿಸಿ ಕೊಡ್ತಾರೆ. ಎಲ್ಲಾ ಬಿಲ್ಲೂ ಶಾಲೆಯ ಹೆಸರಲ್ಲೇ ಇರುತ್ತೆ, ದುಡ್ಡು ನೇರವಾಗಿ ಅಂಗಡಿಯವರ ಖಾತೆಗೆ ಹಾಕಿದ್ರೆ ನನಗೂ ನೆಮ್ಮದಿ.

ಇದೇ ಶುಕ್ರವಾರ, 20ರಂದು ಎಸ್‌ಡಿಎಂಸಿ ಸಭೆ ಇದೆಯಲ್ವಾ. ಅದರಲ್ಲಿ ಈ ವಿಷಯ ಇಡಬೇಕು ಅಂತ ಕೇಳಿಕೊಳ್ತೀನಿ. ನನಗೆ ಹತ್ತು ನಿಮಿಷ ಕೊಟ್ಟರೆ ಸದಸ್ಯರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಕಂಬ, ನೆಲ ಎರಡನ್ನೂ ತೋರಿಸ್ತೀನಿ. ಅದಕ್ಕೂ ಮೊದಲು ದರದಲ್ಲಿ ಏನಾದ್ರೂ ಕೇಳೋದಿದ್ರೆ ಬುಧವಾರ ಮಧ್ಯಾಹ್ನದ ಊಟದ ನಂತರ ನನಗೆ ಪಿರಿಯಡ್ ಇಲ್ಲ, ನಿಮ್ಮ ಕೊಠಡಿಗೆ ಬರ್ತೀನಿ. ಶುಕ್ರವಾರ ಒಪ್ಪಿಗೆ ಸಿಕ್ಕರೆ ಶನಿವಾರವೇ ಬಡಿಗೇರರಿಗೆ ಅಳತೆ ಕೊಡ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ದೈಹಿಕ ಶಿಕ್ಷಕ, ಪ್ರೌಢಶಾಲಾ ವಿಭಾಗ

ಲಗತ್ತು: ಮೂರು ಕೊಟೇಶನ್, ಈಗಿರುವ ಸಾಮಾನಿನ ಸ್ಟಾಕ್ ಪಟ್ಟಿ, ಕಂಬ ಮತ್ತು ನೆಲದ ನಾಲ್ಕು ಫೋಟೋ