ರೀಲ್ ಸ್ಕ್ರಿಪ್ಟ್: ದಿಢೀರ್ ಅಂತ ಬಂದ ಖರ್ಚು

ಅವಧಿ: 80 ಸೆಕೆಂಡ್. ಫೋನ್ ಉದ್ದಕ್ಕೆ ಹಿಡಿದೇ ಶೂಟ್.
ಪಾತ್ರಗಳು: ಕಿರಣ (24 ವರ್ಷ, ಸಂಬಳ ₹24,000), ಅಕ್ಕ ಸುಮಾ.
ಜಾಗ: ಮನೆಯ ಹಾಲ್, ಒಂದು ಟೇಬಲ್, ಕಿಟಕಿ ಬೆಳಕು.

ಇಬ್ಬರೂ ನೆನಪಿಟ್ಟುಕೊಳ್ಳಿ: ಅಕ್ಕ ಬೈಯುತ್ತಿಲ್ಲ, ತಮ್ಮ ದುಂದುಗಾರನೂ ಅಲ್ಲ. ಕಷ್ಟಪಟ್ಟು ದುಡಿಯುವ ಹುಡುಗ. ಸ್ನೇಹಿತನ ಹತ್ತಿರ ಕೈಚಾಚುವಾಗ ಅವನಿಗಾಗುವ ಮುಜುಗರ ನೋಡುವವರಿಗೆ ತಟ್ಟಬೇಕು. ಓವರ್ ಆ್ಯಕ್ಟಿಂಗ್ ಬೇಡವೇ ಬೇಡ.

ದೃಶ್ಯ 1 | 0:00–0:08
ಫೋನ್ ಪರದೆ ಕ್ಲೋಸಪ್: ತಾರೀಖು 26, ಬ್ಯಾಲೆನ್ಸ್ ₹412. ಕಿರಣ ಗೋಡೆ ಕಡೆ ತಿರುಗಿ ದನಿ ತಗ್ಗಿಸಿ ಮಾತಾಡುತ್ತಾನೆ.
ಕಿರಣ: ಮಗಾ, ಒಂದೆರಡು ಸಾವಿರ ಇದ್ರೆ ಹಾಕ್ತೀಯಾ? ಗಾಡಿ ಇನ್ಶೂರೆನ್ಸು... ದಿಢೀರ್ ಅಂತ ಬಂತು. ಒಂದನೇ ತಾರೀಖು ಕೊಟ್ಬಿಡ್ತೀನಿ.

ದೃಶ್ಯ 2 | 0:08–0:18
ಅಕ್ಕ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಾಳೆ. ಬಂದು ಪಕ್ಕದಲ್ಲಿ ಕೂರುತ್ತಾಳೆ.
ಸುಮಾ: ಹೋದ ವರ್ಷ ಯಾವ ತಿಂಗಳು ಕಟ್ಟಿದ್ದೆ?
ಕಿರಣ (ಹಳೇ ಪಾಲಿಸಿ ಕಾಗದದ ಮಡಿಕೆ ಬಿಡಿಸಿ ನೋಡುತ್ತಾ): ಇದೇ ತಿಂಗಳು.
ಸುಮಾ: ಅದರ ಹಿಂದಿನ ವರ್ಷ?
ಕಿರಣ: ...ಇದೇ ತಿಂಗಳು.
ಸುಮಾ: ಮತ್ತೆ ದಿಢೀರ್ ಅಂತ ಹೇಗೋ ಬಂತು?
ಇಲ್ಲಿ ಎರಡು ಸೆಕೆಂಡ್ ಮೌನ. ಮ್ಯೂಸಿಕ್ ಹಾಕಬೇಡಿ.

ದೃಶ್ಯ 3 | 0:18–0:42
ಇಡೀ ರೀಲ್‌ನ ಜೀವ ಇಲ್ಲಿದೆ, ಕತ್ತರಿಸಬೇಡಿ. ಕ್ಯಾಮೆರಾ ಮೇಲಿಂದ, ಕೈ ಮತ್ತು ಕಾಗದ ಮಾತ್ರ. ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಕಿರಣನೇ ಬರೆಯುತ್ತಾನೆ. ಪೆನ್ನಿನ ಸದ್ದು ಕೇಳಿಸಲಿ.
ಸುಮಾ: ವರ್ಷಕ್ಕೆ ಒಂದೆರಡು ಸಲ ಬರೋ ಖರ್ಚು ಮಾತ್ರ ಬರಿ.
ಹಾಳೆಯಲ್ಲಿ ಮೂಡುವುದು:
ಇನ್ಶೂರೆನ್ಸ್ 1,800
ಗಾಡಿ ಸರ್ವಿಸ್, ಎರಡು ಸಲ 3,200
ಹಬ್ಬದ ಬಟ್ಟೆ, ಎಲ್ಲರಿಗೂ 5,000
ಊರ ಜಾತ್ರೆ 2,000
ಪೆನ್ನು ನಿಲ್ಲುತ್ತದೆ. ಕೆಳಗೆ ಗೆರೆ ಎಳೆದು 12,000 ಬರೆಯುತ್ತಾನೆ. ಅಕ್ಕ ಪೆನ್ನು ತಗೊಂಡು ಪಕ್ಕದಲ್ಲಿ "÷ 12" ಹಾಕುತ್ತಾಳೆ.
ಕಿರಣ: ತಿಂಗಳಿಗೆ ಸಾವಿರ... ಅಷ್ಟೇನಾ ಅಕ್ಕ?
ಸುಮಾ: ಅಷ್ಟೇ. ಒಟ್ಟಿಗೆ ಬಂದಾಗ ಉಸಿರು ಕಟ್ಟುತ್ತೆ. ಹಂಚಿದ್ರೆ ಹೊರಬಹುದು.

ದೃಶ್ಯ 4 | 0:42–0:58
ಒಂದನೇ ತಾರೀಖು. ಸಂಬಳದ ಮೆಸೇಜ್ ಸದ್ದು.
ಕಿರಣ: ಖರ್ಚೆಲ್ಲ ಮುಗಿದ್ಮೇಲೆ ಉಳಿದಿದ್ದನ್ನ ಎತ್ತಿಡ್ತೀನಿ.
ಸುಮಾ: ಇಪ್ಪತ್ತಾರನೇ ತಾರೀಖು ನಾಲ್ಕು ನೂರಾ ಹನ್ನೆರಡು ಉಳಿದಿತ್ತಲ್ಲ, ಅದನ್ನಾ? ಈಗಲೇ ತೆಗಿ.
ಕಿರಣ ಬ್ಯಾಂಕ್ ಆ್ಯಪ್‌ನಲ್ಲಿ ಇನ್ನೊಂದು ಉಳಿತಾಯ ಖಾತೆಗೆ ಪ್ರತಿ ತಿಂಗಳ 2ನೇ ತಾರೀಖು ₹1,000 ತಾನಾಗೇ ಹೋಗುವಂತೆ ಇಡುತ್ತಾನೆ. (ಖಾತೆ ನಂಬರ್ ಕಾಣದಂತೆ ಬ್ಲರ್ ಮಾಡಿ.)
ಸುಮಾ: ಆ ಖಾತೆಗೆ ಯುಪಿಐ ಜೋಡಿಸ್ಬೇಡ. ಕಾರ್ಡೂ ಪರ್ಸಲ್ಲಿ ಬೇಡ, ಬೀರುಲಿಡು. ಕೈಗೆ ಸಿಗೋ ದುಡ್ಡು ಕೈಲಿ ನಿಲ್ಲಲ್ಲ.

ದೃಶ್ಯ 5 | 0:58–1:11
ಪೋಸ್ಟ್ ಆಫೀಸ್ ಮುಂದೆ ಕಿರಣ, ಕೈಯಲ್ಲಿ ಹೊಸ ಪಾಸ್‌ಬುಕ್. ಕ್ಯಾಮೆರಾ ನೋಡಿ ನೇರ ಮಾತು.
ಕಿರಣ: ಇನ್ನೊಂದು ಸಾವಿರ ಇಲ್ಲಿ ಆರ್‌ಡಿಗೆ. ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡ್ಬಹುದು. 5 ವರ್ಷ ಕಟ್ಟಿದ್ರೆ ನಾನು ಹಾಕೋದು 60 ಸಾವಿರ, 6.7% ಬಡ್ಡಿ ಲೆಕ್ಕದಲ್ಲಿ ಬರೋದು 71 ಸಾವಿರದ ಮೇಲೆ.
ಪರದೆ ಮೇಲೆ ಸಣ್ಣ ಅಕ್ಷರದಲ್ಲಿ: ಬಡ್ಡಿ ದರ 3 ತಿಂಗಳಿಗೊಮ್ಮೆ ಪರಿಶೀಲನೆಯಾಗುತ್ತದೆ. ಖಾತೆ ತೆರೆದಾಗಿನ ದರವೇ ಕೊನೆವರೆಗೆ. ತೆರೆಯುವ ಮೊದಲು ಅಂದಿನ ದರ ಕೇಳಿಕೊಳ್ಳಿ.
ಈ ಸಾಲು ತೆಗೆಯಬೇಡಿ. ಜನ ನಂಬಿ ದುಡ್ಡು ಹಾಕುತ್ತಾರೆ.

ದೃಶ್ಯ 6 | 1:11–1:20
ಪರದೆ ಮೇಲೆ: ಮುಂದಿನ ವರ್ಷ, ಅದೇ ತಿಂಗಳು.
ಅದೇ ಟೇಬಲ್. ಕಿರಣ ಇನ್ಶೂರೆನ್ಸ್ ಕಟ್ಟಿ ಫೋನ್ ಕೆಳಗಿಡುತ್ತಾನೆ. ಅಷ್ಟರಲ್ಲಿ ಅದೇ ಸ್ನೇಹಿತನ ಕಾಲ್.
ಕಿರಣ (ನಗುತ್ತಾ): ಹೇಳು ಮಗಾ... ಇಲ್ಲ, ಏನೂ ಬೇಕಿತ್ತು ಅಂತಲ್ಲ. ಸುಮ್ನೆ ಮಾತಾಡೋಣ, ಹೇಳು.

ಕ್ಯಾಪ್ಷನ್: ನಿಮ್ಮ ಮನೇಲಿ ಪ್ರತಿ ವರ್ಷ "ದಿಢೀರ್" ಅಂತ ಬರೋ ಖರ್ಚು ಯಾವುದು? ಎಷ್ಟು ಅಂತ ಬರೀರಿ, ತಿಂಗಳಿಗೆ ಎಷ್ಟು ಎತ್ತಿಡಬೇಕು ಅಂತ ಕೂತು ಲೆಕ್ಕ ಹಾಕೋಣ.