ಮುಂಗಾರು ಪೂರ್ವಸಿದ್ಧತೆ: ಜಿಲ್ಲಾ ಮಟ್ಟದ ಇಲಾಖಾ ಮುಖ್ಯಸ್ಥರ ಸಮನ್ವಯ ಸಭೆಯ ನಡವಳಿ

ಜಿಲ್ಲಾಧಿಕಾರಿಗಳ ಕಚೇರಿ, ಉತ್ತರ ಕನ್ನಡ ಜಿಲ್ಲೆ, ಕಾರವಾರ
ಸಂಖ್ಯೆ: ವಿಪತ್ತು/ಸಮನ್ವಯ/05/2025-26
ಸಭೆಯ ದಿನಾಂಕ: 14-05-2025, ಬುಧವಾರ, ಬೆಳಿಗ್ಗೆ 11.00
ಸ್ಥಳ: ಜಿಲ್ಲಾಧಿಕಾರಿಗಳ ಕಚೇರಿ ಸಭಾಂಗಣ, ಕಾರವಾರ
ಅಧ್ಯಕ್ಷತೆ: ಮಾನ್ಯ ಜಿಲ್ಲಾಧಿಕಾರಿಗಳು

ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಪೊಲೀಸ್ ಅಧೀಕ್ಷಕರು, ಉಪ ಅರಣ್ಯ ಸಂರಕ್ಷಣಾಧಿಕಾರಿಗಳು ಮತ್ತು ಜಿಲ್ಲಾ ಮಟ್ಟದ ಇಲಾಖಾ ಮುಖ್ಯಸ್ಥರು ಖುದ್ದಾಗಿ ಹಾಜರಿದ್ದರು. ಕಾರವಾರ, ಕುಮಟಾ, ಭಟ್ಕಳ ಮತ್ತು ಶಿರಸಿಯ ಉಪವಿಭಾಗಾಧಿಕಾರಿಗಳು, ಹನ್ನೆರಡೂ ತಾಲ್ಲೂಕುಗಳ ತಹಶೀಲ್ದಾರರು ಹಾಗೂ ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳು ವಿಡಿಯೋ ಸಂವಾದದ ಮೂಲಕ ಪಾಲ್ಗೊಂಡರು. ಅಪರ ಜಿಲ್ಲಾಧಿಕಾರಿಗಳು ಎಲ್ಲರನ್ನೂ ಸ್ವಾಗತಿಸಿ ಕಾರ್ಯಸೂಚಿ ಮಂಡಿಸಿದರು.

ವಿಷಯ 1: ಹಿಂದಿನ ಸಭೆಯ ಅನುಪಾಲನಾ ವರದಿ

ಹಿಂದಿನ ಸಭೆಯ ಸೂಚನೆಗಳಿಗೆ ಬಂದ ಉತ್ತರಗಳನ್ನು ಒಂದೊಂದಾಗಿ ಓದಲಾಯಿತು. ಬಹುಪಾಲು ಉತ್ತರಗಳಲ್ಲಿ "ಕ್ರಮ ವಹಿಸಲಾಗುತ್ತಿದೆ" ಎಂದಷ್ಟೇ ಇದ್ದುದನ್ನು ಅಧ್ಯಕ್ಷರು ಗಂಭೀರವಾಗಿ ಪರಿಗಣಿಸಿದರು. ಒಂದು ತಾಲ್ಲೂಕಿನಲ್ಲಿ ರಸ್ತೆಯ ಮೋರಿ ಸ್ವಚ್ಛಗೊಳಿಸಲಾಗಿದೆ ಎಂದು ಫೋಟೋ ಸಮೇತ ವರದಿ ಬಂದಿತ್ತು. ತಹಶೀಲ್ದಾರರು ಸ್ಥಳಕ್ಕೆ ಹೋಗಿ ನೋಡಿದಾಗ ಮೋರಿಯ ಬಾಯಿ ಮಾತ್ರ ತೆರವಾಗಿತ್ತು. ಒಳಗೆ ತೂರಿಸಿದ ಬಿದಿರಿನ ಗಳ ಒಂದು ಮಾರು ಕೂಡ ಹೋಗಲಿಲ್ಲ. ಕೆಮ್ಮಣ್ಣು, ತೆಂಗಿನ ಸಿಪ್ಪೆ, ಹರಿದ ಪ್ಲಾಸ್ಟಿಕ್ ಹಾಳೆ ಒಳಗೇ ಗಟ್ಟಿಯಾಗಿ ಕೂತಿದ್ದವು. ಮೊದಲ ದೊಡ್ಡ ಮಳೆಗೆ ಆ ನೀರು ರಸ್ತೆ ಹತ್ತಿ, ಕೆಳಗಿನ ಮನೆಗಳ ಅಂಗಳಕ್ಕೇ ಇಳಿಯುತ್ತಿತ್ತು.

ಯಾವ ದಿನ, ಯಾರು, ಯಾವ ಸ್ಥಳದಲ್ಲಿ ಏನು ಮಾಡಿದರು ಎಂಬುದಿಲ್ಲದ ವರದಿಯನ್ನು ಇನ್ನು ಮುಂದೆ ಸ್ವೀಕರಿಸದೆ ಹಿಂದಿರುಗಿಸಬೇಕು. ಮೋರಿ ಮತ್ತು ಚರಂಡಿಗಳಿಗೆ ನೀರು ಒಳಬರುವ ಹಾಗೂ ಹೊರಹೋಗುವ ಎರಡೂ ಬದಿಯ ಜಿಪಿಎಸ್ ಫೋಟೋ ಕಡ್ಡಾಯ. ಪಂಚಾಯತ್ ಅಭಿವೃದ್ಧಿ ಅಧಿಕಾರಿ ಮತ್ತು ಗ್ರಾಮ ಆಡಳಿತಾಧಿಕಾರಿ ಜಂಟಿಯಾಗಿ ದೃಢೀಕರಿಸಬೇಕು.
(ಕ್ರಮ: ಎಲ್ಲ ಕಾರ್ಯನಿರ್ವಾಹಕ ಅಧಿಕಾರಿಗಳು, ನಗರ ಸ್ಥಳೀಯ ಸಂಸ್ಥೆಗಳ ಮುಖ್ಯಾಧಿಕಾರಿಗಳು ಮತ್ತು ಪೌರಾಯುಕ್ತರು. ಗಡುವು: 24-05-2025)

ವಿಷಯ 2: ಹೆದ್ದಾರಿ ಬದಿಯ ಗುಡ್ಡಗಳು

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು 11 ಮಂದಿ ಬಲಿಯಾದ ದುರಂತದ ನಂತರ ಬರುತ್ತಿರುವ ಮೊದಲ ಮಳೆಗಾಲ ಇದು. ಕುಸಿದ ಮಣ್ಣು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿಗೆ ಬಿದ್ದಾಗ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತ್ತು. ಆದ್ದರಿಂದ ಗುಡ್ಡದ ಬುಡವನ್ನು ಮಾತ್ರ ಅಪಾಯ ಪ್ರದೇಶವೆಂದು ಗುರುತಿಸಿದರೆ ಸಾಲದು, ಎದುರು ದಡದ ವಸತಿಯನ್ನೂ ಅದೇ ನಕ್ಷೆಗೆ ಸೇರಿಸಬೇಕೆಂದು ಅಧ್ಯಕ್ಷರು ತಿಳಿಸಿದರು.

ಗುಡ್ಡದ ನೆತ್ತಿಯಲ್ಲಿ ಹರಿಗಾಲುವೆ ಇಲ್ಲದ ಕಡೆ ಮಳೆನೀರು ಕಡಿದ ಮೈಯೊಳಗೇ ಇಂಗಿ ಮಣ್ಣಿನ ಭಾರ ಹೆಚ್ಚುತ್ತದೆ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅಧಿಕಾರಿ ವಿವರಿಸಿದರು. ಬುಡದಲ್ಲಿ ಎಷ್ಟು ತಡೆಗೋಡೆ ಕಟ್ಟಿದರೂ ನೆತ್ತಿಯ ನೀರಿಗೆ ದಾರಿ ಮಾಡಿಕೊಡದಿದ್ದರೆ ಪ್ರಯೋಜನವಿಲ್ಲ ಎಂಬ ಅವರ ಅಭಿಪ್ರಾಯವನ್ನು ಸಭೆ ಒಪ್ಪಿತು. ಹೆದ್ದಾರಿ 66ರ ಜೊತೆಗೆ ಅರಬೈಲ್ ಘಟ್ಟ ಮತ್ತು ಶಿರಸಿ-ಕುಮಟಾ ಮಾರ್ಗದ ದೇವಿಮನೆ ಘಟ್ಟದಲ್ಲೂ ಕಡಿದ ಗುಡ್ಡಗಳ ಪಟ್ಟಿ ಮಾಡಿ, ನೆತ್ತಿಯ ಕಾಲುವೆ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ನಡೆದು ನೋಡಿ ಬರೆಯಬೇಕು. ವಾಹನದಲ್ಲಿ ಕೂತು ಮಾಡಿದ ಪರಿಶೀಲನೆಯನ್ನು ಪರಿಗಣಿಸಲಾಗುವುದಿಲ್ಲ.
(ಕ್ರಮ: ರಾಷ್ಟ್ರೀಯ ಹೆದ್ದಾರಿ ಯೋಜನಾ ಅಧಿಕಾರಿಗಳು, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಸಂಬಂಧಿತ ತಹಶೀಲ್ದಾರರು. ಪಟ್ಟಿ: 19-05-2025. ಕಾಲುವೆ ಕಾಮಗಾರಿ: 31-05-2025)

ಅಪಾಯ ಕಂಡಾಗ ಸಂಚಾರ ನಿಲ್ಲಿಸುವವರು ಯಾರು ಎಂಬ ಬಗ್ಗೆ ದೀರ್ಘ ಚರ್ಚೆ ನಡೆಯಿತು. ರಾತ್ರಿ ಹೊತ್ತು ಮೇಲಧಿಕಾರಿಯ ಒಪ್ಪಿಗೆಗೆ ಕಾಯುವಷ್ಟರಲ್ಲಿ ಅನಾಹುತ ಆಗಿಬಿಡಬಹುದು ಎಂದು ಪೊಲೀಸ್ ಅಧೀಕ್ಷಕರು ಹೇಳಿದರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನಡಿ ಜಿಲ್ಲಾ ಪ್ರಾಧಿಕಾರಕ್ಕಿರುವ ಸಂಚಾರ ನಿರ್ಬಂಧದ ಅಧಿಕಾರ ಬಳಸಿ, ಪಟ್ಟಿಯಲ್ಲಿರುವ ಸ್ಥಳಗಳ ಮಟ್ಟಿಗೆ ಮುಂಚಿತವಾಗಿಯೇ ಆದೇಶ ಹೊರಡಿಸಲು ತೀರ್ಮಾನಿಸಲಾಯಿತು. ರೆಡ್ ಅಲರ್ಟ್ ಇರುವಾಗ ಗುಡ್ಡದಲ್ಲಿ ಬಿರುಕು, ಕೆಸರುನೀರಿನ ಒಸರು ಅಥವಾ ಮರ ವಾಲುವುದು ಕಂಡರೆ ಠಾಣಾಧಿಕಾರಿ ಅಥವಾ ತಹಶೀಲ್ದಾರ್, ಇಬ್ಬರಲ್ಲಿ ಯಾರು ಮೊದಲು ಸ್ಥಳದಲ್ಲಿರುತ್ತಾರೋ ಅವರು ರಸ್ತೆ ಬಂದ್ ಮಾಡಿ ಆಮೇಲೆ ವರದಿ ಮಾಡಬೇಕು. ಮುನ್ನೆಚ್ಚರಿಕೆಯಾಗಿ ರಸ್ತೆ ಬಂದ್ ಮಾಡಿದ್ದಕ್ಕೆ ಯಾವ ಅಧಿಕಾರಿಯಿಂದಲೂ ವಿವರಣೆ ಕೇಳುವುದಿಲ್ಲ ಎಂಬ ಅಧ್ಯಕ್ಷರ ಮಾತನ್ನು ಅವರ ಸೂಚನೆಯಂತೆ ಇಲ್ಲಿ ದಾಖಲಿಸಲಾಗಿದೆ.
(ಕ್ರಮ: ಅಪರ ಜಿಲ್ಲಾಧಿಕಾರಿ, ಪೊಲೀಸ್ ಅಧೀಕ್ಷಕರು. ಗಡುವು: 21-05-2025)

ಗುಡ್ಡದ ಬುಡದಲ್ಲಿ ಚಹಾ ಅಂಗಡಿ ಇರುವಲ್ಲೇ ಲಾರಿಗಳು ನಿಲ್ಲುತ್ತವೆ. ಅಂಗಡಿ ತೆಗೆಸಿದರೆ ಆ ಕುಟುಂಬಗಳ ದಿನದ ದುಡಿಮೆ ನಿಲ್ಲುತ್ತದೆ ಎಂದು ಒಬ್ಬ ತಹಶೀಲ್ದಾರರು ಗಮನ ಸೆಳೆದರು. ಅದೇ ಗ್ರಾಮ ಪಂಚಾಯತ್ ವ್ಯಾಪ್ತಿಯ ಸುರಕ್ಷಿತ ಜಾಗವನ್ನು ಮೊದಲು ತೋರಿಸಿ, ಅಂಗಡಿ ಸಾಗಿಸಲು ನೆರವಾಗಿ, ನಂತರವೇ ತೆರವುಗೊಳಿಸಬೇಕು. ಜೂನ್ 1ರ ನಂತರ ಪಟ್ಟಿಯ ಯಾವ ಗುಡ್ಡದಡಿಯೂ ಅಂಗಡಿಯಾಗಲಿ ನಿಂತ ಲಾರಿಯಾಗಲಿ ಇರಕೂಡದು.
(ಕ್ರಮ: ತಹಶೀಲ್ದಾರರು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಸಂಚಾರ ಪೊಲೀಸರು. ಗಡುವು: 31-05-2025)

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಹಿನ್ನೆಲೆಯಲ್ಲಿ, ಹೊಸ ಸೇತುವೆಯೂ ಸೇರಿದಂತೆ ಹೆದ್ದಾರಿಯ ದೊಡ್ಡ ಸೇತುವೆಗಳ ಸದೃಢತೆ ಪ್ರಮಾಣಪತ್ರವನ್ನು 24-05-2025ರೊಳಗೆ ಸಲ್ಲಿಸಬೇಕು.

ವಿಷಯ 3: ಜಲಾಶಯಗಳಿಂದ ನೀರು ಬಿಡುವುದು

ಕೊಡಸಳ್ಳಿ, ಕದ್ರಾ ಮತ್ತು ಗೇರುಸೊಪ್ಪ ಅಣೆಕಟ್ಟುಗಳ ಅಭಿಯಂತರರು ಹಾಜರಿದ್ದರು. ಕದ್ರಾದಿಂದ ಬಿಟ್ಟ ನೀರು ಮಲ್ಲಾಪುರ, ಗೋಟೆಗಾಳಿ, ಕೆರವಡಿ ಭಾಗ ತಲುಪುವ ಹೊತ್ತಿಗೆ ಕೆಳಗೆ ಸಮುದ್ರದ ಭರತವಿದ್ದರೆ ನದಿ ನೀರು ಮುಂದೆ ಹೋಗಲಾರದೆ ದಡ ಹತ್ತುತ್ತದೆ. ಹೊನ್ನಾವರದಲ್ಲಿ ಶರಾವತಿಯದ್ದೂ ಇದೇ ಸ್ಥಿತಿ. ಆದಕಾರಣ ಬಂದರು ಇಲಾಖೆ ಪ್ರತಿ ತಿಂಗಳ ಭರತ-ಇಳಿತದ ವೇಳಾಪಟ್ಟಿಯನ್ನು ಅಣೆಕಟ್ಟು ನಿಯಂತ್ರಣ ಕೊಠಡಿಗಳಿಗೆ ಕೊಡಬೇಕು. ಜಲಾಶಯ ತುಂಬುವವರೆಗೆ ಕಾದು ಒಮ್ಮೆಲೇ ಗೇಟು ಎತ್ತುವ ಬದಲು, ಒಳಹರಿವು ನೋಡಿಕೊಂಡು ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಯೋಜನೆ ತಯಾರಿಸಬೇಕು.

ಎಚ್ಚರಿಕೆ ಸಂದೇಶ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ ಸಾಲದು, ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದೇ ಹೆಚ್ಚು ಎಂದು ಕಾರವಾರ ತಹಶೀಲ್ದಾರರು ತಿಳಿಸಿದರು. ಸೈರನ್ ಜೊತೆಗೆ ಧ್ವನಿವರ್ಧಕ ಕಟ್ಟಿದ ವಾಹನ ಓಡಿಸಬೇಕು. ಕಾಳಿ ದಂಡೆಯಲ್ಲಿ ಕನ್ನಡದ ಜೊತೆ ಕೊಂಕಣಿಯಲ್ಲೂ ಸಾರಬೇಕು. ಒಂಟಿ ವೃದ್ಧರು, ಬಾಣಂತಿಯರು, ಡಯಾಲಿಸಿಸ್‌ನಲ್ಲಿರುವವರ ಮನೆ ಯಾವುದೆಂದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿದೆ. ಆ ಪಟ್ಟಿ ಕಾಳಜಿ ಕೇಂದ್ರದ ನೋಡಲ್ ಅಧಿಕಾರಿಯ ಕೈಯಲ್ಲಿರಬೇಕು. ಸೈರನ್ ಪರೀಕ್ಷೆ ಮತ್ತು ಅಣಕು ಕಾರ್ಯಾಚರಣೆ 27-05-2025ರಂದು ನಡೆಯಲಿದ್ದು, ಅಪರ ಜಿಲ್ಲಾಧಿಕಾರಿಗಳು ಕೆರವಡಿಯಲ್ಲಿ ಖುದ್ದಾಗಿ ಇರುತ್ತಾರೆ.
(ಕ್ರಮ: ಅಣೆಕಟ್ಟು ಅಭಿಯಂತರರು, ಬಂದರು ಇಲಾಖೆ, ಕಾರವಾರ ಮತ್ತು ಹೊನ್ನಾವರ ತಹಶೀಲ್ದಾರರು, ಜಿಲ್ಲಾ ಆರೋಗ್ಯಾಧಿಕಾರಿ. ಯೋಜನೆ ಮತ್ತು ಪಟ್ಟಿ: 24-05-2025)

ವಿಷಯ 4: ಕಾಲುಸಂಕಗಳು ಮತ್ತು ಶಾಲೆಗಳು

ಮೇ 29ರಿಂದ ಶಾಲೆಗಳು ಪ್ರಾರಂಭವಾಗುತ್ತವೆ. ಜೋಯಿಡಾ, ಸಿದ್ದಾಪುರ, ಶಿರಸಿ, ಅಂಕೋಲಾ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಮಕ್ಕಳು ಹಳ್ಳ ದಾಟುವುದು ಊರವರೇ ಕಟ್ಟಿಕೊಂಡ ಮರದ ಸಂಕದ ಮೇಲೆ. ಹೋದ ವರ್ಷ ಹಾಕಿದ ಅಡಿಕೆ ಮರದ ದಬ್ಬೆ ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಲಡ್ಡಾಗಿರುತ್ತದೆ. ಹಿಡಿದುಕೊಳ್ಳಲು ಕಟ್ಟಿದ ಬಳ್ಳಿ ಅಷ್ಟರಲ್ಲಿ ಕಡಿದುಹೋಗಿರುತ್ತದೆ. ಮಂಜೂರಾದ ಕಾಲುಸಂಕಗಳ ಪೈಕಿ ಅಪೂರ್ಣವಾದವು ಈ ಮಳೆಗಾಲಕ್ಕೆ ಮುಗಿಯುವುದಿಲ್ಲ ಎಂದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು ಒಪ್ಪಿಕೊಂಡರು. ಮುಗಿಯದ ಕಡೆ ತಾತ್ಕಾಲಿಕವಾಗಿ ಕಬ್ಬಿಣದ ಕೈಹಿಡಿ ಕಂಬಿ ಸಹಿತ ಸಂಕ ಹಾಕಲೇಬೇಕು. ಅರಣ್ಯ ಜಾಗವೆಂಬ ಕಾರಣಕ್ಕೆ ದುರಸ್ತಿ ನಿಲ್ಲದಂತೆ ವಲಯ ಅರಣ್ಯಾಧಿಕಾರಿಗಳು ಸ್ಥಳದಲ್ಲೇ ಇದ್ದು ಸಹಕರಿಸಬೇಕು.

ಹಳ್ಳ ತುಂಬಿದ ದಿನ ಶಾಲೆಗೆ ಬಾರದ ಮಗುವಿನ ಗೈರನ್ನು ಲೆಕ್ಕಕ್ಕೆ ಹಿಡಿಯಬಾರದು. ತಾಲ್ಲೂಕಿಗೆಲ್ಲ ರಜೆ ಘೋಷಣೆಯಾಗದಿದ್ದರೂ ಅಂಥ ಶಾಲೆಯ ಮಕ್ಕಳನ್ನು ಬೇಗ ಮನೆಗೆ ಕಳಿಸುವ ನಿರ್ಧಾರವನ್ನು ಮುಖ್ಯ ಶಿಕ್ಷಕರು ಪಾಲಕರೊಂದಿಗೆ ಮಾತಾಡಿ ತೆಗೆದುಕೊಳ್ಳಬಹುದು. ಸೋರುವ, ಬಿರುಕು ಬಿಟ್ಟ ಕೊಠಡಿಗಳಿಗೆ ಬೀಗ ಹಾಕಿ ಬದಲಿ ವ್ಯವಸ್ಥೆ ಮಾಡಬೇಕು. ಅಂಗನವಾಡಿಗಳಿಗೂ ಇದು ಅನ್ವಯ.
(ಕ್ರಮ: ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಅರಣ್ಯ ಇಲಾಖೆ. ಗಡುವು: 27-05-2025, ವಿಸ್ತರಣೆ ಇಲ್ಲ)

ವಿಷಯ 5: ವಿದ್ಯುತ್, ಮರ ಮತ್ತು ಸಂಪರ್ಕ

ತಂತಿಗೆ ತಾಗುವ ಕೊಂಬೆ ಕಡಿಯಲು ಹೆಸ್ಕಾಂ ಮತ್ತು ಅರಣ್ಯ ಇಲಾಖೆ ಪತ್ರ ವ್ಯವಹಾರ ಬಿಟ್ಟು ಜಂಟಿ ತಂಡವಾಗಿ ಹೊರಡಬೇಕು. ಘಟ್ಟದ ಮೇಲಿನ ಉಪಕೇಂದ್ರಗಳಲ್ಲಿ ಕಂಬ, ಪರಿವರ್ತಕಗಳ ದಾಸ್ತಾನು ಇರಬೇಕು. ಮೊಬೈಲ್ ಗೋಪುರಗಳಿಗೆ ಡೀಸೆಲ್ ಪೂರೈಕೆಯ ಹೊಣೆ ಯಾರದ್ದೆಂದು ಹೆಸರು ಸಹಿತ ತಿಳಿಸಬೇಕು. (ಗಡುವು: 26-05-2025)

ವಿಷಯ 6: ಕರಾವಳಿ

ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುತ್ತದೆ. ನಾಡದೋಣಿಯವರಿಗೆ ಹವಾಮಾನ ಮುನ್ಸೂಚನೆ ಪ್ರತಿದಿನ ಬೆಳಗಿನ ಜಾವಕ್ಕೆ ಮುಂಚೆ ತಲುಪಬೇಕು. ಪಾವಿನಕುರ್ವೆ ಮುಂತಾದ ಕಡಲ್ಕೊರೆತದ ಜಾಗಗಳಲ್ಲಿ ಮನೆಗಳಿಗೆ ಅಪಾಯವಿದೆಯೇ ಎಂಬ ವರದಿ 24-05-2025ರೊಳಗೆ ಬರಬೇಕು.

ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದುದನ್ನು ಸಭೆ ನೆನಪಿಸಿಕೊಂಡಿತು. ಗೋಕರ್ಣ, ಮುರ್ಡೇಶ್ವರ, ಕಾರವಾರ ಕಡಲತೀರಗಳಲ್ಲಿ ಮಳೆಗಾಲ ಮುಗಿಯುವವರೆಗೆ ನೀರಿಗಿಳಿಯುವುದನ್ನು ನಿಷೇಧಿಸಿ ಕೆಂಪು ಬಾವುಟ ನೆಡಬೇಕು. ಜೀವರಕ್ಷಕರನ್ನು ಮಳೆಗಾಲವೆಂದು ಕೆಲಸದಿಂದ ಬಿಡಿಸಬಾರದು.
(ಕ್ರಮ: ಪ್ರವಾಸೋದ್ಯಮ, ಮೀನುಗಾರಿಕೆ, ಬಂದರು ಇಲಾಖೆಗಳು, ಕರಾವಳಿ ಕಾವಲು ಪೊಲೀಸ್. ಗಡುವು: 31-05-2025)

ವಿಷಯ 7: ಆರೋಗ್ಯ ಮತ್ತು ತೋಟಗಾರಿಕೆ

ಹಾವು ಕಡಿತಕ್ಕೆ ಕೊಡುವ ಔಷಧಿ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರಬೇಕು. ಹೆರಿಗೆ ದಿನ ಹತ್ತಿರವಿರುವ ಒಳಹಳ್ಳಿಗಳ ಗರ್ಭಿಣಿಯರನ್ನು ಮುಂಚಿತವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆತರಬೇಕು. ಅಡಿಕೆ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನವೇ ಆಗಬೇಕಿರುವುದರಿಂದ, ಮೈಲುತುತ್ತದ ಸಹಾಯಧನದ ಅರ್ಜಿಗಳನ್ನು ಬಾಕಿ ಇಡಕೂಡದು. (ಗಡುವು: 24-05-2025)

ವಿಷಯ 8: ಪರಿಹಾರ

ಜೀವಹಾನಿಗೆ ವಿಪತ್ತು ಪರಿಹಾರ ನಿಧಿಯ ₹4 ಲಕ್ಷವನ್ನು ದಾಖಲೆ ಪೂರ್ಣಗೊಂಡ ದಿನವೇ ಪಾವತಿಸಬೇಕು. ಮರಣೋತ್ತರ ವರದಿಗಾಗಿ ಕುಟುಂಬದವರನ್ನು ಅಲೆಸದೆ, ಕಂದಾಯ ನಿರೀಕ್ಷಕರೇ ತರಿಸಿಕೊಳ್ಳಬೇಕು. ಮನೆಹಾನಿಯ ಜಂಟಿ ಸಮೀಕ್ಷೆ 24 ಗಂಟೆಯೊಳಗೆ ನಡೆಯಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಬಂದ ಪ್ರತಿ ಕರೆಗೂ ಕ್ರಮದ ನಮೂದು ಇರಬೇಕು.
(ಕ್ರಮ: ಎಲ್ಲ ತಹಶೀಲ್ದಾರರು. 01-06-2025ರಿಂದ ನಿರಂತರ)

ಪೂರ್ವಾನುಮತಿ ಇಲ್ಲದೆ ಗೈರಾದ ಅಧಿಕಾರಿಗಳಿಗೆ ಕಾರಣ ಕೇಳಿ ನೋಟಿಸ್ ನೀಡಲು, ಜೂನ್ 1ರಿಂದ ಕೇಂದ್ರಸ್ಥಾನ ಬಿಡುವ ಮುನ್ನ ಲಿಖಿತ ಅನುಮತಿ ಕಡ್ಡಾಯಗೊಳಿಸಲು ತೀರ್ಮಾನಿಸಲಾಯಿತು. ಕ್ರೋಢೀಕೃತ ಅನುಪಾಲನಾ ವರದಿ 02-06-2025ರ ಸಂಜೆ 5 ಗಂಟೆಯೊಳಗೆ ವಿಪತ್ತು ನಿರ್ವಹಣಾ ಶಾಖೆ ತಲುಪಬೇಕು. ಮುಂದಿನ ಸಭೆ 04-06-2025, ಬುಧವಾರ ಬೆಳಿಗ್ಗೆ 11ಕ್ಕೆ. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು.

ಸಹಿ/-
ಜಿಲ್ಲಾಧಿಕಾರಿ ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಉತ್ತರ ಕನ್ನಡ

ಪ್ರತಿ: ಎಲ್ಲ ಇಲಾಖಾ ಮುಖ್ಯಸ್ಥರು, ಉಪವಿಭಾಗಾಧಿಕಾರಿಗಳು, ತಹಶೀಲ್ದಾರರು ಮತ್ತು ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಅಗತ್ಯ ಕ್ರಮಕ್ಕಾಗಿ. ಜಿಲ್ಲಾ ಉಸ್ತುವಾರಿ ಸಚಿವರ ಆಪ್ತ ಕಾರ್ಯದರ್ಶಿಗಳಿಗೆ, ಮಾಹಿತಿಗಾಗಿ.