ಸೆಪ್ಟೆಂಬರ್ 2025ರ ಇನ್‌ಸ್ಟಾಗ್ರಾಂ ವರದಿ: ರಾತ್ರಿ 8ರ ಪೋಸ್ಟ್‌ಗಳಿಗೆ ರೀಚ್ ಹೆಚ್ಚಿದ್ದೇಕೆ?

ನಮಸ್ಕಾರ ಸರ್,

ಬೆಳಿಗ್ಗೆ 11ಕ್ಕೆ ಹಾಕಿದ 14 ಪೋಸ್ಟ್‌ಗಳ ಸರಾಸರಿ ರೀಚ್ 4,100. ರಾತ್ರಿ 8ಕ್ಕೆ ಹಾಕಿದ 12 ಪೋಸ್ಟ್‌ಗಳದ್ದು 9,200. ಇದನ್ನು ನೋಡಿಯೇ ನೀವು, ಇನ್ನು ಎಲ್ಲವನ್ನೂ ರಾತ್ರಿಗೇ ಹಾಕೋಣ, ಫೋಟೋ ತೆಗೆಯುವ ಹುಡುಗಿಯ ಡ್ಯೂಟಿಯನ್ನೂ ಸಂಜೆಗೆ ಬದಲಾಯಿಸೋಣ ಅಂದಿರಿ. ಡ್ಯೂಟಿ ಸದ್ಯಕ್ಕೆ ಬದಲಾಯಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ 12 ಪೋಸ್ಟ್‌ಗಳಲ್ಲಿ ಒಂದು, ಹಂಪನಕಟ್ಟೆಯ ನಮ್ಮ ಅಂಗಡಿ ಮುಂದೆ ಕುಣಿದ ಹುಲಿವೇಷದ ರೀಲ್. ಅದೊಂದಕ್ಕೇ 41,000 ರೀಚ್. ಸೆಪ್ಟೆಂಬರ್ 28ರ ಭಾನುವಾರ, ನವರಾತ್ರಿಯ ನಡುವೆ, ಮಂಗಳೂರಿನಲ್ಲಿ ಹುಲಿಯ ವಿಡಿಯೋವನ್ನು ಎಷ್ಟು ಗಂಟೆಗೆ ಹಾಕಿದರೂ ಓಡುತ್ತಿತ್ತೇನೋ. ಅದನ್ನು ಬದಿಗಿಟ್ಟರೆ ರಾತ್ರಿಯ ಸರಾಸರಿ ಸುಮಾರು 6,300ಕ್ಕೆ ಇಳಿಯುತ್ತದೆ.

ಉಳಿದ ವ್ಯತ್ಯಾಸ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದಂಥ ಕಾಕತಾಳೀಯವಲ್ಲ. ನಮ್ಮ ಕೆಲಸದ ಕ್ರಮದಲ್ಲೇ ಅದರ ಬೇರು ಇದೆ. ರೀಲ್ ಶೂಟ್ ಮಧ್ಯಾಹ್ನ, ಎಡಿಟ್ ಮುಗಿಯುವುದು ಸಂಜೆ, ನೀವು ನೋಡಿ ಒಪ್ಪಿಗೆ ಕೊಡುವುದು ಅಂಗಡಿಯ ರಶ್ ಇಳಿದ ಮೇಲೆ. ಹಾಗಾಗಿ ರೀಲ್‌ಗಳು ತಾವಾಗಿಯೇ ರಾತ್ರಿಗೆ ಸೇರಿಕೊಂಡವು. ಸೀರೆಯ ಫೋಟೋಗಳು ಮೊದಲೇ ತಯಾರಿರುತ್ತವೆ, ಬೆಳಿಗ್ಗೆ ಹೋಗುತ್ತವೆ. ನಮ್ಮ ಪೇಜಿನಲ್ಲಿ ಫೋಟೋಗಿಂತ ರೀಲ್‌ಗೆ ರೀಚ್ ಜಾಸ್ತಿ, ಅದು ಯಾವ ಹೊತ್ತಿನಲ್ಲೂ.

ಫೋಟೋವನ್ನು ಫೋಟೋ ಜೊತೆಗೇ ತೂಗಿದರೆ, ಬೆಳಿಗ್ಗೆಯ 10 ಫೋಟೋಗಳಿಗೆ ಸರಾಸರಿ 3,200, ರಾತ್ರಿಯ 4 ಫೋಟೋಗಳಿಗೆ 3,400. ಏನೂ ಇಲ್ಲ ಅನ್ನಬಹುದು. ಬೆಳಿಗ್ಗೆಯ 4 ರೀಲ್‌ಗಳಿಗೆ 6,350, ರಾತ್ರಿಯ 7 ರೀಲ್‌ಗಳಿಗೆ (ಹುಲಿ ಬಿಟ್ಟು) ಸುಮಾರು 7,970. ಇಲ್ಲಿ ಅಂತರ ಇದೆ, ನಿಜ. ಆದರೆ ಆ 7ರಲ್ಲಿ 5 ಬಂದದ್ದು 22ರಂದು ನವರಾತ್ರಿ ಶುರುವಾದ ಮೇಲೆ, ಅದೂ ದಿನಕ್ಕೊಂದು ಬಣ್ಣದ ಸೀರೆಯವು. ಬೆಳಿಗ್ಗೆಯ ನಾಲ್ಕೂ ಹಬ್ಬಕ್ಕೆ ಮೊದಲಿನವು. ಈ ಅಂತರದಲ್ಲಿ ಸಮಯದ ಪಾಲೆಷ್ಟು, ಹಬ್ಬದ ಪಾಲೆಷ್ಟು ಎಂದು ಈ ಲೆಕ್ಕದಿಂದ ಬಿಡಿಸಲಾಗದು. ರಾತ್ರಿ ಹೊತ್ತಿಗೆ ಪ್ರಯೋಜನ ಇಲ್ಲವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ.

ತಿಳಿಯಲು ಒಂದೇ ದಾರಿ: ಸಮಯವನ್ನು ನಮ್ಮ ಅನುಕೂಲ ಆರಿಸಬಾರದು. ಅಕ್ಟೋಬರ್ ಬೇಡ, ದೀಪಾವಳಿ ಮತ್ತೆ ಲೆಕ್ಕ ಕೆಡಿಸುತ್ತದೆ. ನವೆಂಬರ್ 3ರಿಂದ 4 ವಾರ ಪ್ರತಿ ಪೋಸ್ಟನ್ನೂ ಹಿಂದಿನ ದಿನವೇ ತಯಾರಿಟ್ಟು, ನಾಣ್ಯ ಚಿಮ್ಮಿ 11 ಅಥವಾ 8 ಎಂದು ತೀರ್ಮಾನಿಸುತ್ತೇನೆ. ಫೋಟೋ, ರೀಲ್‌ಗಳ ಲೆಕ್ಕ ಬೇರೆ ಬೇರೆ. ಯಾವುದಕ್ಕೂ ಬೂಸ್ಟ್ ಇಲ್ಲ. ಪೋಸ್ಟ್ ಹಾಕಿ 7 ದಿನ ತುಂಬಿದಾಗಿನ ರೀಚನ್ನೇ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಹಳೆಯ ಪೋಸ್ಟ್‌ಗೆ ಸುಮ್ಮನೆ ಲಾಭ. ಒಂದು ಹುಲಿ ಇಡೀ ಸರಾಸರಿಯನ್ನು ಎಳೆದೊಯ್ಯದಂತೆ ಮಧ್ಯದ ಸಂಖ್ಯೆಯನ್ನು ನೋಡೋಣ. ಇಪ್ಪತ್ತು ಚಿಲ್ಲರೆ ಪೋಸ್ಟ್‌ಗಳಲ್ಲಿ ದೊಡ್ಡ ವ್ಯತ್ಯಾಸ ಮಾತ್ರ ಕಾಣುತ್ತದೆ. ಸಣ್ಣದಾದರೆ ಡ್ಯೂಟಿ ಬದಲಿಸುವಷ್ಟು ಬೆಲೆ ಅದಕ್ಕಿಲ್ಲ.

ಇದಕ್ಕೆ ನಿಮ್ಮಿಂದ ಬೇಕಾದದ್ದು ಒಂದೇ: ನವೆಂಬರಿನಲ್ಲಿ ರೀಲ್‌ಗೆ ಒಪ್ಪಿಗೆ ಹಿಂದಿನ ರಾತ್ರಿಯೇ ಸಿಗಬೇಕು.